ಒಂದೇ ರಾತ್ರಿ ನಾಲ್ಕು ಖಾನಾವಳಿಯಲ್ಲಿ ಊಟ: ಸುಳ್ಳು ರಿವ್ಯೂ ತೆಗೆಸಲು ಯಾವ ಪುರಾವೆ ಬೇಕು?

2025ರ ಜುಲೈ 16, ಬುಧವಾರ. ಬೆಳಿಗ್ಗೆ ಏಳಕ್ಕೇ ಅಣ್ಣನ ಫೋನ್ ಬಂತು. ಹುಬ್ಬಳ್ಳಿಯ ಕೇಶ್ವಾಪುರದ ಕಡೆ ಅಣ್ಣ, ವೈನಿ ಸೇರಿ ಒಂದು ಸಣ್ಣ ಖಾನಾವಳಿ ನಡೆಸುತ್ತಾರೆ. ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು. ಪೂರ್ತಿ ಸಸ್ಯಾಹಾರಿ.

"ತಮ್ಮಾ, ಗೂಗಲ್‌ನ್ಯಾಗ ಯಾರೋ ಬರದಾರ ನೋಡು. ರೊಟ್ಟಿಯೊಳಗ ಹುಳ ಇತ್ತಂತ. ಯಾರಂತ ಗೊತ್ತಿಲ್ಲ, ಏನಿಲ್ಲ."

ತೆಗೆದು ನೋಡಿದೆ. ಎರಡು ದಿನದಲ್ಲಿ ಮೂರು ಒಂದು-ಸ್ಟಾರ್ ರಿವ್ಯೂ ಬಂದಿದ್ದವು. ಅಲ್ಲಿಯವರೆಗೆ ಇದ್ದದ್ದು 38 ರಿವ್ಯೂ, ರೇಟಿಂಗ್ 4.6. ಮೂರು ಸೇರಿದ ಮೇಲೆ 4.3. ಸಾವಿರ ರಿವ್ಯೂ ಇರುವ ದೊಡ್ಡ ಹೋಟೆಲಿಗೆ ಮೂರು ಒಂದು-ಸ್ಟಾರ್ ಏನೂ ಮಾಡುವುದಿಲ್ಲ. ಮೂವತ್ತು ನಲವತ್ತು ರಿವ್ಯೂ ಇರುವ ಸಣ್ಣ ಜಾಗಕ್ಕೆ ಅದು ನೇರ ಹೊಡೆತ. ಪಕ್ಕದ ಓಣಿಯ ಪಿಜಿ ಹುಡುಗರು ಊಟಕ್ಕೆ ಜಾಗ ಹುಡುಕುವುದೇ ಮ್ಯಾಪ್ ನೋಡಿ.

ನಾನು ಸಣ್ಣ ಅಂಗಡಿಗಳ ಲೆಕ್ಕ ಮತ್ತು ಜಿಎಸ್‌ಟಿ ನೋಡುವವನು. ಆ ಕೆಲಸದ ಜೊತೆಗೆ ಅವರ ಗೂಗಲ್ ಪ್ರೊಫೈಲೂ ಮೈಮೇಲೆ ಬಂದುಬಿಟ್ಟಿದೆ. ಹಾಗಾಗಿ ಇಂಥ ದೂರು ಮೊದಲೂ ಬರೆದಿದ್ದೆ. ಆದರೆ ನಾನು ಹೋಗಿ ಕೂರುವ ಹೊತ್ತಿಗೆ ಅಣ್ಣ ಸಿಟ್ಟಿನಲ್ಲಿ ಮೂರನ್ನೂ ರಿಪೋರ್ಟ್ ಮಾಡಿ ಆಗಿತ್ತು. ಮಾವನ ಮಕ್ಕಳಿಂದ, ತರಕಾರಿ ಕೊಡುವವನಿಂದ, ಎಲ್ಲರಿಂದಲೂ ರಿಪೋರ್ಟ್ ಹೊಡೆಸಿದ್ದ. ಮೂರು ದಿನ ಬಿಟ್ಟು ಉತ್ತರ ಬಂತು: "Report reviewed – no policy violation". ಅಂದರೆ ದೂರು ನೋಡಿದೆವು, ನಿಯಮ ಮುರಿದದ್ದು ಕಾಣಲಿಲ್ಲ ಅಂತ.

ಇಲ್ಲಿಂದ ಮುಂದೆ ಉಳಿಯುವುದು ಒಂದೇ ಒಂದು ಮೇಲ್ಮನವಿ. ಅದನ್ನೂ ಹೀಗೇ ಹಾಳು ಮಾಡಿಕೊಂಡರೆ ಗೂಗಲ್ ಒಳಗಿನ ದಾರಿ ಮುಚ್ಚಿತು ಅಂತಲೇ ಲೆಕ್ಕ.

"ಸುಳ್ಳು" ಅನ್ನುವುದು ಕಾರಣ ಅಲ್ಲ

ಎಲ್ಲರೂ ಎಡವುವುದು ಇಲ್ಲಿಯೇ. ರಿವ್ಯೂ ಸುಳ್ಳು ಅಂತ ನಮಗೆ ನೂರಕ್ಕೆ ನೂರು ಗೊತ್ತಿರುತ್ತದೆ. ಆದರೆ ದೂರು ನೋಡುವವರಿಗೆ ಅದು ಗೊತ್ತಾಗುವುದು ಹೇಗೆ? ಅವರು ನಮ್ಮ ಅಡುಗೆಮನೆಗೆ ಬಂದಿಲ್ಲ. ಅಂಗಡಿಯವನು ಹೀಗೆ ಅಂತಾನೆ, ಗಿರಾಕಿ ಹಾಗೆ ಅಂತಾನೆ ಅನ್ನುವ ಜಗಳದಲ್ಲಿ ತಾನು ಪಂಚಾಯ್ತಿ ಮಾಡುವುದಿಲ್ಲ ಅಂತ ಗೂಗಲ್ ತನ್ನ ನಿಯಮದಲ್ಲೇ ಹೇಳಿದೆ. ರೊಟ್ಟಿ ತಣ್ಣಗಿತ್ತೋ ಬಿಸಿ ಇತ್ತೋ ಅದು ತೀರ್ಪು ಕೊಡುವುದಿಲ್ಲ. ನೋಡುವುದು ಒಂದನ್ನೇ: ಈ ರಿವ್ಯೂ ನಮ್ಮ ನಿಯಮ ಮುರಿದಿದೆಯೋ ಇಲ್ಲವೋ?

ಆ ನಿಯಮಗಳಲ್ಲಿ ಅಂಗಡಿಯವರಿಗೆ ಜಾಸ್ತಿ ಉಪಯೋಗಕ್ಕೆ ಬರುವುದು ಮೂರ್ನಾಲ್ಕು. ನಿಜವಾದ ಅನುಭವದ ಮೇಲೆ ಬರೆಯದ ನಕಲಿ ರಿವ್ಯೂ ಮೊದಲನೆಯದು. ಒಂದೇ ಬರಹವನ್ನು ಹತ್ತು ಕಡೆ ಅಂಟಿಸುವುದೂ ಇದರಲ್ಲೇ ಬರುತ್ತದೆ. ಎರಡನೆಯದು ಸ್ವಂತ ಲಾಭದ ಸಂಬಂಧ: ಪೈಪೋಟಿಯವರು ಬರೆದದ್ದು, ಕೆಲಸ ಬಿಟ್ಟುಹೋದವರು ತಮ್ಮ ಹಳೇ ಮಾಲೀಕನ ಮೇಲೆ ಬರೆದದ್ದು. ಮೂರನೆಯದು ಬೈಗುಳ, ಬೆದರಿಕೆ, ಜಾತಿ ನಿಂದನೆ. ಆಮೇಲೆ, ಯಾರದಾದರೂ ಫೋನ್ ನಂಬರ್, ಮನೆ ವಿಳಾಸದಂಥ ಖಾಸಗಿ ವಿಷಯ ಹಾಕಿದ್ದು. ಜೊತೆಗೆ "Off topic" ಅಂತ ಒಂದಿದೆ. ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಖಾನಾವಳಿಯ ಪುಟದಲ್ಲಿ ರಾಜಕೀಯ ಭಾಷಣ ಬರೆದರೆ ಅದು "Off topic". ರೊಟ್ಟಿಯಲ್ಲಿ ಹುಳ ಅಂದರೆ ಅದು ಸುಳ್ಳೇ ಇರಲಿ, ವಿಷಯ ಮಾತ್ರ ಖಾನಾವಳಿಯದೇ ಅಲ್ವಾ? ಅಣ್ಣ ಮೂರಕ್ಕೂ ಒತ್ತಿದ್ದು ಇದನ್ನೇ.

ಹತ್ತಾರು ಜನ ರಿಪೋರ್ಟ್ ಮಾಡಿದರೆ ಬೇಗ ಹೋಗುತ್ತದೆ ಅನ್ನುವುದೂ ಸುಮ್ನೆ ನಂಬಿಕೆ. ಇಲ್ಲಿ ನಡೆಯುವುದು ಓಟಿನ ಎಣಿಕೆ ಅಲ್ಲ. ಸರಿಯಾದ ಕಾರಣ ಹಾಕಿದ ಒಂದು ದೂರು ಸಾಕು.

ಮೂರು ರಿವ್ಯೂ, ಮೂರು ದಾರಿ

ನಾನು ಮೊದಲು ಮಾಡಿದ್ದು ಮೂರನ್ನೂ ಬೇರೆ ಬೇರೆ ಮಾಡಿದ್ದು.

ಒಂದರಲ್ಲಿ ಹೀಗಿತ್ತು: "ಅರ್ಧ ತಾಸು ಕಾದ ಮೇಲೆ ತಣ್ಣನ ರೊಟ್ಟಿ ಕೊಟ್ರು. ಕೇಳಿದ್ರ ಸಿಡುಕಿದ್ರು." ವೈನಿಯನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಮಂಗಳವಾರ ರೊಟ್ಟಿ ಬಡಿಯಾಕಿ ಬಂದಿರಲಿಲ್ಲಪಾ. ನಾ ಒಬ್ಬಾಕಿನ ಇದ್ದೆ. ಆಗಿದ್ದಿರಬೇಕು." ಹಾಗಾದರೆ ಅದು ನಿಜವಾದ ಗಿರಾಕಿ, ನಿಜವಾದ ದೂರು. ಇದನ್ನು ತೆಗೆಸುವ ಮಾತೇ ಇಲ್ಲ. ತೆಗೆಸಲು ಹೋಗಲೂಬಾರದು. ಹೊಟ್ಟೆ ಹಸಿದು ಬಂದವನು ತನಗಾದ ಬೇಜಾರು ಹೇಳಿಕೊಂಡಿದ್ದಾನೆ. ಕ್ಷಮೆ ಕೇಳಿ ಎರಡು ಸಾಲು ಉತ್ತರ ಬರೆಯುವುದು, ಮುಗೀತು.

ಇನ್ನೊಂದರಲ್ಲಿ ಬರಹವೇ ಇರಲಿಲ್ಲ. ಬರೀ ಒಂದು ಸ್ಟಾರ್. ಇಂಥದ್ದು ತೆಗೆಸುವುದು ಬಲು ಕಷ್ಟ. ಮಾತೇ ಇಲ್ಲದ ಕಡೆ ಸುಳ್ಳು ಯಾವುದು ಅಂತ ತೋರಿಸುವುದು? ಆ ಖಾತೆಯೇ ನಕಲಿ ಅಂತ ತೋರಿಸಲು ಏನಾದರೂ ಸಿಕ್ಕರೆ ಮಾತ್ರ ದಾರಿ. ನಮಗೆ ಸಿಗಲಿಲ್ಲ. ಬಿಟ್ಟೆವು.

ಉಳಿದದ್ದು ಹುಳದ ರಿವ್ಯೂ: "ಸೋಮವಾರ ರಾತ್ರಿ ಫ್ಯಾಮಿಲಿ ಜೊತೆ ಊಟಕ್ಕೆ ಹೋಗಿದ್ದೆವು. ರೊಟ್ಟಿಯಲ್ಲಿ ಹುಳ ಇತ್ತು. ಮಕ್ಕಳಿಗೆ ಹೊಟ್ಟೆ ಕೆಟ್ಟಿತು. ಯಾರೂ ಹೋಗಬೇಡಿ."

ವೈನಿ ಇದನ್ನು ಓದಿದವರೇ ನನ್ನ ಮುಖ ನೋಡಿದರು. "ಸೋಮವಾರ ನಾ ಒಲೀನ ಹಚ್ಚಂಗಿಲ್ಲಲ್ಲಪಾ."

ಹೌದು, ಖಾನಾವಳಿಗೆ ಸೋಮವಾರ ರಜೆ. ನಮಗೆ ಹಿಡಿಯಲು ಸಿಕ್ಕ ಎಳೆ ಇದೇ. ಮೇಲ್ಮನವಿಯ ಪೂರ್ತಿ ಬಲ ಈ ಒಂದರ ಮೇಲೆ ಹಾಕುವುದು ಅಂತ ತೀರ್ಮಾನ ಮಾಡಿದೆವು. ನಿಜವಾದ ದೂರನ್ನೂ ಸುಳ್ಳನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕಳಿಸಿದರೆ, "ಇವರಿಗೆ ಒಂದು ಸ್ಟಾರ್ ಕೊಟ್ಟವರೆಲ್ಲ ಸುಳ್ಳರೇ" ಅನ್ನುವ ಭಾವನೆ ಬರುತ್ತದೆ. ಹಾಗಾಗಬಾರದು.

ಮೊದಲ ಗಂಟೆಯಲ್ಲಿ ಹಿಡಿದಿಡಬೇಕಾದ್ದು

ಪುರಾವೆ ಹುಡುಕುವ ಮೊದಲು, ಕಣ್ಣೆದುರು ಇರುವುದನ್ನು ಹಿಡಿದಿಡಬೇಕು. ಬರೆದವರು ಯಾವಾಗ ಬೇಕಾದರೂ ರಿವ್ಯೂ ತಿದ್ದಬಹುದು, ಅಳಿಸಬಹುದು. ತಮ್ಮ ಪ್ರೊಫೈಲ್ ಇತರರಿಗೆ ಕಾಣದಂತೆ ಮಾಡಬಹುದು.

ಮೊಬೈಲಿನಲ್ಲಿ ತೆಗೆದ ಸ್ಕ್ರೀನ್‌ಶಾಟ್ ಒಂದೇ ಸಾಲದು. ಗೂಗಲ್ ರಿವ್ಯೂದ ಕೆಳಗೆ ತಾರೀಖು ಇರುವುದಿಲ್ಲ, "ಎರಡು ದಿನದ ಹಿಂದೆ", "ಒಂದು ವಾರದ ಹಿಂದೆ" ಅಂತಷ್ಟೇ ಇರುತ್ತದೆ. ಆರು ತಿಂಗಳು ಬಿಟ್ಟು ಆ ಚಿತ್ರ ನೋಡಿದರೆ ಯಾವ ಎರಡು ದಿನ ಅಂತ ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಕಂಪ್ಯೂಟರಿನಲ್ಲಿ ತೆರೆದು, ಮೇಲಿನ ವಿಳಾಸ ಪಟ್ಟಿ, ಕೆಳಗಿನ ಗಡಿಯಾರ ಮತ್ತು ತಾರೀಖು ಎರಡೂ ಕಾಣುವಂತೆ ಪೂರ್ತಿ ಪರದೆಯ ಚಿತ್ರ ತೆಗೆದೆ. ರಿವ್ಯೂದ ಪಕ್ಕದ ಮೂರು ಚುಕ್ಕಿ ಒತ್ತಿದರೆ "Share review" ಸಿಗುತ್ತದೆ. ಆ ಲಿಂಕನ್ನು ನಕಲಿಸಿಕೊಂಡೆ. ಬರೆದವರ ಹೆಸರಿನ ಮೇಲೆ ಒತ್ತಿದರೆ ಅವರ ಪ್ರೊಫೈಲ್ ತೆರೆಯುತ್ತದೆ. ಆ ಲಿಂಕನ್ನೂ ತೆಗೆದಿಟ್ಟೆ. ಹೆಸರು ಬದಲಿಸಿಕೊಂಡರೂ ಲಿಂಕಿನ ಒಳಗಿನ ಉದ್ದನೆಯ ಸಂಖ್ಯೆಯಿಂದ ಖಾತೆ ಗುರುತಿಸಬಹುದು.

ಆ ಪ್ರೊಫೈಲ್ ತೆರೆದಾಗಲೇ ಅಸಲಿ ವಿಷಯ ಕಂಡದ್ದು. ಆ ಖಾತೆಯಲ್ಲಿ ಇದ್ದದ್ದು ಒಟ್ಟು ಐದು ರಿವ್ಯೂ. ಐದೂ ಒಂದೇ ದಿನ ಹಾಕಿದ್ದು. ನಾಲ್ಕು ನಮ್ಮದೂ ಸೇರಿ ಸುತ್ತಮುತ್ತಲಿನ ನಾಲ್ಕು ಖಾನಾವಳಿಗಳ ಮೇಲೆ, ನಾಲ್ಕಕ್ಕೂ ಒಂದು ಸ್ಟಾರ್. ಬರಹವೂ ಅಕ್ಷರ ಅಕ್ಷರ ಒಂದೇ: ಸೋಮವಾರ ರಾತ್ರಿ, ಫ್ಯಾಮಿಲಿ ಜೊತೆ, ರೊಟ್ಟಿಯಲ್ಲಿ ಹುಳ. ಐದನೆಯದು ಅದೇ ಭಾಗದ ಇನ್ನೊಂದು ಊಟದ ಜಾಗಕ್ಕೆ, ಐದು ಸ್ಟಾರ್.

ಒಂದೇ ಸೋಮವಾರ ರಾತ್ರಿ ಒಂದೇ ಕುಟುಂಬ ನಾಲ್ಕು ಖಾನಾವಳಿಯಲ್ಲಿ ಊಟ ಮಾಡಿ, ನಾಲ್ಕೂ ಕಡೆ ರೊಟ್ಟಿಯಲ್ಲಿ ಹುಳ ಕಂಡಿತೇ?

ಅಣ್ಣ ಐದು ಸ್ಟಾರ್ ಸಿಕ್ಕ ಜಾಗದ ಹೆಸರು ನೋಡಿದ್ದೇ ಎದ್ದು ನಿಂತ. "ಅವನ ಮಾಡ್ಸ್ಯಾನ. ನಡಿ, ಕೇಳಿ ಬರೂಣು." ಕೂಡಿಸಿದೆ. ಅವರೇ ಮಾಡಿಸಿದರು ಅನ್ನಲು ನಮ್ಮ ಬಳಿ ಏನೂ ಇಲ್ಲ. ಆ ಖಾತೆ ಅವರದ್ದು ಅಂತ ತೋರಿಸಲು ಆಗುವುದಿಲ್ಲ. ಜಗಳ ಮಾಡಿದರೆ, ದೂರಿನಲ್ಲಿ ಅವರ ಹೆಸರು ಹಾಕಿದರೆ, ತಪ್ಪು ನಮ್ಮ ಕಡೆ ತಿರುಗುತ್ತದೆ. ಮೇಲ್ಮನವಿಯಲ್ಲಿ ಯಾರ ಹೆಸರೂ ಬರೆಯಲಿಲ್ಲ. ಕಂಡದ್ದನ್ನಷ್ಟೇ ಬರೆದೆವು.

ಬಿಲ್ ಬುಕ್ಕಿನ ಮಾತು

ಇನ್ನು ನಮ್ಮ ಕಡೆಯ ಪುರಾವೆ. ಸೋಮವಾರ ರಜೆ ಅಂದರೆ ಸಾಲದು, ತೋರಿಸಬೇಕು.

ನಾನು ಮೊದಲು ಪ್ರೊಫೈಲಿನಲ್ಲಿ ಸಮಯ ಏನಿದೆ ನೋಡಿದೆ. ಎದೆ ಧಸಕ್ ಅಂತು. ವಾರದ ಏಳೂ ದಿನ ತೆರೆದಿದೆ ಅಂತಲೇ ಇತ್ತು. ಪ್ರೊಫೈಲ್ ಮಾಡಿದ ದಿನ ಯಾರೋ ಹಾಗೆ ಹಾಕಿದ್ದು, ಆಮೇಲೆ ಯಾರೂ ತಿದ್ದಿಲ್ಲ. ಈಗ ಅವಸರದಲ್ಲಿ ಸೋಮವಾರ "Closed" ಅಂತ ತಿದ್ದಿ, ಅದನ್ನೇ ಪುರಾವೆ ಅಂತ ತೋರಿಸಿದರೆ? ರಿವ್ಯೂ ಬಂದ ಮೇಲೆ ತಿದ್ದಿದ್ದು ಅಂತ ಆಗುತ್ತದೆ. ಇದ್ದ ನಂಬಿಕೆಯೂ ಹೋಗುತ್ತದೆ. ಸಮಯ ತಿದ್ದಲೇಬೇಕು, ತಿದ್ದಿದೆವು. ಆದರೆ ಅದನ್ನು ಪುರಾವೆ ಅಂತ ಬಳಸಲಿಲ್ಲ.

ಬಳಸಿದ್ದು ಬಿಲ್ ಬುಕ್. ಅಣ್ಣನ ಬಿಲ್ ಬುಕ್ಕಿನಲ್ಲಿ ಸಂಖ್ಯೆ ಮೊದಲೇ ಅಚ್ಚಾಗಿರುತ್ತದೆ. ಭಾನುವಾರ, ಜುಲೈ 13ರ ಕೊನೆಯ ಬಿಲ್ 1846. ಮಂಗಳವಾರ, ಜುಲೈ 15ರ ಮೊದಲ ಬಿಲ್ 1847. ನಡುವೆ ಒಂದೂ ಹಾಳೆ ಇಲ್ಲ, ಹರಿದ ಗುರುತೂ ಇಲ್ಲ. ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಎರಡೂ ಕಾರ್ಬನ್ ಪ್ರತಿ ಅಕ್ಕಪಕ್ಕ ಕಾಣುವಂತೆ ಫೋಟೋ ತೆಗೆದೆ. ಬರೀ ಸಂಖ್ಯೆ, ತಾರೀಖು ಕಂಡರೆ ಸಾಕು. ಗಿರಾಕಿಯ ಹೆಸರು, ಫೋನ್ ನಂಬರ್ ಇದ್ದರೆ ಅದರ ಮೇಲೆ ಕಾಗದದ ಚೂರು ಇಟ್ಟು ಫೋಟೋ ತೆಗೆಯಬೇಕು. ಬೇರೆಯವರ ವಿವರ ಹಂಚುವ ಹಕ್ಕು ನಮಗಿಲ್ಲ.

ಎರಡನೆಯದು ಯುಪಿಐ ಖಾತೆಯ ಸೋಮವಾರದ ಪಟ್ಟಿ. ಇಲ್ಲೊಂದು ತೊಡಕು ಬಂತು. ಆ ದಿನ ಸಂಜೆ 240 ರೂಪಾಯಿ ಜಮಾ ಆಗಿತ್ತು. ಅಣ್ಣನಿಗೆ ಗಾಬರಿ. ನೋಡಿದರೆ ಒಬ್ಬ ಕಾಯಂ ಗಿರಾಕಿ ಹಳೆಯ ಉದ್ರಿ ತೀರಿಸಿದ್ದ. ಉದ್ರಿ ಪುಸ್ತಕದಲ್ಲಿ ಆ 240 ಹಿಂದಿನ ವಾರವೇ ಬರೆದಿತ್ತು. ಇದನ್ನು ಮುಚ್ಚಿಡಬಾರದು. ಪಟ್ಟಿ ಯಾರಾದರೂ ಕೇಳಿದಾಗ "ರಜೆ ದಿನ ಹಣ ಹೇಗೆ ಬಂತು?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಉದ್ರಿ ಪುಸ್ತಕದ ಆ ಪುಟದ ಫೋಟೋವನ್ನೂ ಪಟ್ಟಿಯ ಜೊತೆಗೇ ಇಟ್ಟೆ.

ಮೂರನೆಯದು ಸಿಸಿಟಿವಿ. ಇದರಲ್ಲಿ ಒಂದು ಅಪಾಯವಿದೆ. ಸಣ್ಣ ಅಂಗಡಿಗಳ ಡಿವಿಆರ್‌ನಲ್ಲಿ ಡಿಸ್ಕ್ ತುಂಬಿದ ಹಾಗೆ ಹಳೆಯದರ ಮೇಲೆ ಹೊಸದು ಬರೆಯುತ್ತ ಹೋಗುತ್ತದೆ. ಡಿಸ್ಕ್ ಎಷ್ಟು ದೊಡ್ಡದು, ಕ್ಯಾಮೆರಾ ಎಷ್ಟಿವೆ ಅನ್ನುವುದರ ಮೇಲೆ ಅದು ಒಂದು ವಾರವೂ ಆಗಬಹುದು, ಒಂದು ತಿಂಗಳೂ ಆಗಬಹುದು. ರಿವ್ಯೂ ಕಂಡ ದಿನವೇ ಆ ಹೊತ್ತಿನ ದೃಶ್ಯವನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಬೇಕು. ಇಳಿಸುವ ಮೊದಲು ಡಿವಿಆರ್‌ನ ಗಡಿಯಾರ ಸರಿಯಿದೆಯಾ ನೋಡಿ. ನಮ್ಮದು ಹದಿನಾಲ್ಕು ನಿಮಿಷ ಹಿಂದಿತ್ತು. ಅದನ್ನು ತಿದ್ದದೆ, ಫೋನಿನ ಗಡಿಯಾರ ಪಕ್ಕದಲ್ಲಿಟ್ಟು ಎರಡೂ ಕಾಣುವ ಫೋಟೋ ತೆಗೆದಿಟ್ಟೆ. ಸೋಮವಾರ ರಾತ್ರಿ ಎಂಟರಿಂದ ಹತ್ತರವರೆಗೆ ದೃಶ್ಯದಲ್ಲಿ ಇದ್ದದ್ದು ಮುಚ್ಚಿದ ಶಟರ್, ಕಟ್ಟೆಯ ಮೇಲೆ ಮಲಗಿದ ಒಂದು ನಾಯಿ.

ಇಷ್ಟೆಲ್ಲ ಸೇರಿಸಿದ ಮೇಲೂ ನನಗೆ ಸಮಾಧಾನ ಆಗಲಿಲ್ಲ. ಬಿಲ್ ಬುಕ್, ಯುಪಿಐ, ಸಿಸಿಟಿವಿ, ಎಲ್ಲವೂ ನಮ್ಮ ಕೈಯಲ್ಲಿರುವುದು. ದೂರು ನೋಡುವವರು ಅದನ್ನು ನಂಬಬೇಕು ಅಂತೇನಿಲ್ಲ. ಅವರು ತಾವೇ ಒಂದು ಲಿಂಕ್ ಒತ್ತಿ ನೋಡಬಹುದಾದ್ದು ಇದ್ದರೆ ಅದರ ತೂಕವೇ ಬೇರೆ. ಖಾನಾವಳಿಯ ಪುಟದಲ್ಲಿ ಗಿರಾಕಿಗಳು ಹಾಕಿದ ಫೋಟೋಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಹೆಚ್ಚಿನವು ತಟ್ಟೆಯ ಫೋಟೋ. ಒಂದರಲ್ಲಿ ಮಾತ್ರ, 2023ರಲ್ಲಿ ಯಾರೋ ಹಾಕಿದ್ದು, ಬಾಗಿಲ ಪಕ್ಕದ ಬೋರ್ಡ್ ಪೂರ್ತಿ ಕಾಣುತ್ತಿತ್ತು. ಕೆಳಗಿನ ಸಾಲು: "ಸೋಮವಾರ ರಜೆ". ನಮಗೆ ಪರಿಚಯವೇ ಇಲ್ಲದ ಗಿರಾಕಿ, ಜಗಳಕ್ಕೆ ಎರಡು ವರ್ಷ ಮೊದಲು, ಗೂಗಲ್ ಮೇಲೆಯೇ ಹಾಕಿದ ಫೋಟೋ. ನನ್ನ ಲೆಕ್ಕದಲ್ಲಿ ಆ ನಾಲ್ಕು ಒಂದೇ ಬರಹದ ರಿವ್ಯೂಗಳು ಮತ್ತು ಈ ಬೋರ್ಡಿನ ಫೋಟೋ, ಇವೆರಡೇ ದೂರಿನ ಬೆನ್ನೆಲುಬು. ಉಳಿದದ್ದೆಲ್ಲ ಅದಕ್ಕೆ ಆಸರೆ.

ಮೇಲ್ಮನವಿ ಬರೆದದ್ದು ಹೀಗೆ

ಗೂಗಲ್‌ನಲ್ಲಿ ಅಂಗಡಿಯವರಿಗಾಗಿ Reviews Management Tool ಅಂತ ಒಂದು ಪುಟವಿದೆ. ಪ್ರೊಫೈಲ್ ನಿಮ್ಮ ಹೆಸರಿನಲ್ಲಿ ದೃಢೀಕರಣ ಆಗಿರಬೇಕು, ಅದೇ ಇಮೇಲಿನಿಂದ ಒಳಗೆ ಹೋಗಬೇಕು. ಅಲ್ಲಿ ಅಂಗಡಿ ಆರಿಸಿದ ಮೇಲೆ ಹೊಸ ರಿವ್ಯೂ ರಿಪೋರ್ಟ್ ಮಾಡುವ ದಾರಿ ಒಂದು, ಹಿಂದೆ ರಿಪೋರ್ಟ್ ಮಾಡಿದ್ದರ ಸ್ಥಿತಿ ನೋಡುವ ದಾರಿ ಇನ್ನೊಂದು. "Decision pending" ಅಂತಿದ್ದರೆ ಇನ್ನೂ ನೋಡುತ್ತಿದ್ದಾರೆ, ಕಾಯಬೇಕು. ಅಣ್ಣನಿಗೆ ಬಂದಂತೆ "no policy violation" ಬಂದಿದ್ದರೆ ಅಲ್ಲಿಯೇ ಮೇಲ್ಮನವಿಯ ಆಯ್ಕೆ ಸಿಗುತ್ತದೆ. ಒಂದು ಸಲಕ್ಕೆ ಹತ್ತು ರಿವ್ಯೂವರೆಗೆ ಆರಿಸಬಹುದು. ನಾವು ಆರಿಸಿದ್ದು ಒಂದೇ.

ಬರಹ ಚಿಕ್ಕದಿರಬೇಕು. ಫೈಲ್ ಸೇರಿಸಲು ಜಾಗ ಕೊಟ್ಟರೆ ಸೇರಿಸಿ. ಆದರೆ ಫೈಲ್ ಯಾರೂ ತೆರೆಯದಿದ್ದರೂ ಬರಹ ಓದಿದವರಿಗೆ ವಿಷಯ ತಿಳಿಯಬೇಕು. ಇನ್ನೊಂದು ಮಾತು. ನಮ್ಮ ಕಡೆಯ ರಿವ್ಯೂಗಳು ಹೆಚ್ಚಾಗಿ ಆಡುಮಾತಿನಲ್ಲಿ ಇರುತ್ತವೆ. ಯಂತ್ರದ ಅನುವಾದದಲ್ಲಿ ಅದರ ಅರ್ಥ ಎತ್ತಲೋ ಹೋಗುತ್ತದೆ. ಆದ್ದರಿಂದ ರಿವ್ಯೂ ಏನು ಹೇಳುತ್ತದೆ ಅಂತ ನೀವೇ ಒಂದು ಸಾಲಿನಲ್ಲಿ ಸರಳವಾಗಿ ಹೇಳಿಬಿಡಿ. ನಾನು ಕಳಿಸಿದ್ದು ಇಂಗ್ಲಿಷಿನಲ್ಲಿ. ಅದರ ಸಾರ ಕನ್ನಡದಲ್ಲಿ ಇಷ್ಟು:

"ಈ ರಿವ್ಯೂ ನಿಜವಾದ ಅನುಭವದ ಮೇಲೆ ಬರೆದದ್ದಲ್ಲ, ನಕಲಿ ರಿವ್ಯೂಗಳ ನಿಯಮ ಮುರಿಯುತ್ತದೆ. ಬರೆದವರು ಸೋಮವಾರ (14 ಜುಲೈ 2025) ರಾತ್ರಿ ನಮ್ಮಲ್ಲಿ ಊಟ ಮಾಡಿದೆವು, ರೊಟ್ಟಿಯಲ್ಲಿ ಹುಳ ಇತ್ತು ಎನ್ನುತ್ತಾರೆ.

1. ಇದೇ ಖಾತೆಯಿಂದ ಇದೇ ದಿನ, ಇದೇ ಬರಹವನ್ನು ಒಂದಕ್ಷರ ಬದಲಿಸದೆ ಇನ್ನೂ ಮೂರು ಊಟದ ಜಾಗಗಳಿಗೆ ಹಾಕಲಾಗಿದೆ. ನಾಲ್ಕರಲ್ಲೂ ಊಟ ಮಾಡಿದ್ದು ಅದೇ ಸೋಮವಾರ ರಾತ್ರಿ ಎಂದಿದೆ. ನಾಲ್ಕು ಲಿಂಕ್ ಕೆಳಗಿವೆ.

2. ನಮ್ಮಲ್ಲಿ ಪ್ರತಿ ಸೋಮವಾರ ರಜೆ. ನಮ್ಮ ಪುಟದಲ್ಲೇ 2023ರಲ್ಲಿ ಒಬ್ಬ ಗಿರಾಕಿ ಹಾಕಿದ ಫೋಟೋದಲ್ಲಿ ಬೋರ್ಡಿನ ಕೊನೆಯ ಸಾಲು 'ಸೋಮವಾರ ರಜೆ' ಎಂದಿದೆ. ಲಿಂಕ್ ಕೆಳಗಿದೆ. ಪ್ರೊಫೈಲಿನ ಸಮಯದಲ್ಲಿ ಇದು ತಪ್ಪಾಗಿ ನಮೂದಾಗಿತ್ತು, ಈಗ ಸರಿಪಡಿಸಿದ್ದೇವೆ.

3. ಭಾನುವಾರದ ಕೊನೆಯ ಬಿಲ್ 1846, ಮಂಗಳವಾರದ ಮೊದಲ ಬಿಲ್ 1847. ಬಿಲ್, ಸೋಮವಾರದ ಯುಪಿಐ ಪಟ್ಟಿ, ಸಿಸಿಟಿವಿ ದೃಶ್ಯ ಕೇಳಿದರೆ ಕೊಡುತ್ತೇವೆ."

ಇಷ್ಟೇ. ನಮ್ಮ ಹೆಸರು ಹಾಳಾಯಿತು, ಮೂವತ್ತು ವರ್ಷದ ದುಡಿಮೆ, ವೈನಿ ಅತ್ತಿದ್ದು, ಯಾವುದೂ ಅದರಲ್ಲಿಲ್ಲ. ಅದೆಲ್ಲ ನಿಜ. ಆದರೆ ನಿಯಮ ಮುರಿದದ್ದಕ್ಕೆ ಅದು ಪುರಾವೆ ಆಗುವುದಿಲ್ಲ. ಸಮಯ ತಪ್ಪಾಗಿತ್ತು ಅನ್ನುವುದನ್ನು ನಾವೇ ಮೊದಲು ಹೇಳಿದ್ದನ್ನು ಗಮನಿಸಿ. ಅವರು ಪ್ರೊಫೈಲ್ ತೆರೆದು ನೋಡಿದರೆ ಹೇಗೂ ಕಾಣುವ ವಿಷಯ ಅದು.

ಕಳಿಸಿದ್ದು ಜುಲೈ 23ಕ್ಕೆ. 29ಕ್ಕೆ ಇಮೇಲ್ ಬಂತು, ರಿವ್ಯೂ ಹೋಯಿತು. ರೇಟಿಂಗ್ 4.4ಕ್ಕೆ ಬಂತು. ಬರಹವಿಲ್ಲದ ಒಂದು ಸ್ಟಾರ್ ಇನ್ನೂ ಹಾಗೇ ಇದೆ. ತಣ್ಣನ ರೊಟ್ಟಿಯದೂ ಇದೆ, ಇರಬೇಕಾದ್ದೇ. ಎಲ್ಲ ಮೇಲ್ಮನವಿಯೂ ಹೀಗೇ ಗೆಲ್ಲುತ್ತದೆ ಅಂತ ನಾನು ಮಾತು ಕೊಡಲಾರೆ. ಬರೆದವನು ತಾರೀಖು ಹಾಕದೆ, ಬೇರೆಲ್ಲೂ ಅಂಟಿಸದೆ, "ಊಟ ಚೆನ್ನಾಗಿಲ್ಲ, ಹುಳ ಇತ್ತು" ಅಂತಷ್ಟೇ ಬರೆದಿದ್ದರೆ ನಮ್ಮ ಬಿಲ್ ಬುಕ್ ಏನೂ ಮಾಡುತ್ತಿರಲಿಲ್ಲ. "ಇವರು ನಮ್ಮ ಗಿರಾಕಿ ಅಲ್ಲ" ಅನ್ನುವ ಒಂದೇ ವಾದ ಬಹಳ ದುರ್ಬಲ. ನಗದು ಕೊಟ್ಟು ಉಂಡು ಹೋದವನ ಗುರುತು ನಮ್ಮಲ್ಲೂ ಇರುವುದಿಲ್ಲ ಅಲ್ವಾ?

ಕಾಯುವ ದಿನಗಳಲ್ಲಿ

ದೂರು ಹಾಕಿ ಉತ್ತರ ಬರುವವರೆಗೂ ಆ ರಿವ್ಯೂ ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ಅದರ ಕೆಳಗೆ ಮಾಲೀಕರ ಉತ್ತರ ಹಾಕಬೇಕು. ಅದನ್ನು ಬರೆಯುವುದು ಆ ಮನುಷ್ಯನಿಗೆ ಅಲ್ಲ, ನಾಳೆ ಓದುವ ಗಿರಾಕಿಗೆ. ನಾವು ಹಾಕಿದ್ದು: "ನಮಸ್ಕಾರ. ನಮ್ಮಲ್ಲಿ ಪ್ರತಿ ಸೋಮವಾರ ರಜೆ, ಜುಲೈ 14ಕ್ಕೂ ಬಾಗಿಲು ತೆರೆದಿರಲಿಲ್ಲ. ಬೇರೆ ಜಾಗದ ಅನುಭವ ತಪ್ಪಿ ಇಲ್ಲಿ ಬಂದಿರಬಹುದು. ನಮ್ಮಲ್ಲೇ ಊಟ ಮಾಡಿದ್ದರೆ ಬಿಲ್ ಸಂಖ್ಯೆ ತಿಳಿಸಿ, ವಿಚಾರಿಸುತ್ತೇವೆ." ಬೈಗುಳವಿಲ್ಲ, "ಕೋರ್ಟಿಗೆ ಎಳೆಯುತ್ತೇವೆ" ಇಲ್ಲ. ತಪ್ಪಿ ಬಂದಿರಬಹುದು ಅನ್ನುವ ಒಂದು ಸಾಲು ಬರೆದವರಿಗೆ ಮರ್ಯಾದೆಯಿಂದ ಅಳಿಸುವ ದಾರಿಯನ್ನೂ ಕೊಡುತ್ತದೆ.

ಆಗ ಅಣ್ಣನ ಗೆಳೆಯರೊಬ್ಬರು ಬಂದು, "ಐದು ಸ್ಟಾರಿನವು ಒಂದು ಇಪ್ಪತ್ತು ಹಾಕಸ್ತೇನಿ, ತಾನ ಮುಚ್ಚಿ ಹೋಕ್ಕೈತಿ" ಅಂದರು. ಬೇಡ ಅಂದೆ. ಅದೂ ನಕಲಿ ರಿವ್ಯೂವೇ. ಸಿಕ್ಕಿಬಿದ್ದರೆ ಗೂಗಲ್ ಇರುವ ರಿವ್ಯೂಗಳನ್ನು ಮರೆಮಾಡಬಹುದು, ಕೆಲವು ಕಾಲ ಹೊಸ ರಿವ್ಯೂ ಬರದಂತೆ ತಡೆಯಬಹುದು, ನಕಲಿ ರಿವ್ಯೂ ತೆಗೆದಿದ್ದೇವೆ ಅಂತ ನಿಮ್ಮ ಪುಟದ ಮೇಲೇ ಎಚ್ಚರಿಕೆ ಹಾಕಬಹುದು. ರಿವ್ಯೂ ಅಳಿಸಿದರೆ ಊಟ ಪುಕ್ಕಟೆ ಅನ್ನುವುದೂ ನಿಯಮ ಮುರಿದ ಹಾಗೆಯೇ. ದುಡ್ಡು ಕೊಟ್ಟರೆ ಗ್ಯಾರಂಟಿ ತೆಗೆಸುತ್ತೇವೆ ಅಂತ ಫೋನ್ ಮಾಡುವವರಿಗೂ ಈ ಮೇಲಿನ ಫಾರ್ಮ್ ಬಿಟ್ಟು ಬೇರೆ ಗುಟ್ಟಿನ ಬಾಗಿಲು ಇಲ್ಲ.

ಒಂದು ವೇಳೆ ಯಾರಾದರೂ "ಇಷ್ಟು ಹಣ ಹಾಕು, ಇಲ್ಲದಿದ್ದರೆ ಇನ್ನೂ ಹಾಕುತ್ತೇವೆ" ಅಂತ ಮೆಸೇಜ್ ಮಾಡಿದರೆ ವಿಷಯವೇ ಬೇರೆ. ಹಣ ಹಾಕಬೇಡಿ, ಮಾತಿಗೆ ಮಾತು ಬೆಳೆಸಬೇಡಿ. ಮೆಸೇಜ್ ಅಳಿಸದೆ ನಂಬರ್ ಸಮೇತ ಇಟ್ಟುಕೊಳ್ಳಿ. ಇಂಥ ಸುಲಿಗೆಗೆ ಗೂಗಲ್‌ನಲ್ಲಿ ಬೇರೆಯೇ ಫಾರ್ಮ್ ಇದೆ. ಜೊತೆಗೆ ಪೊಲೀಸ್ ದೂರು ಕೊಡಬೇಕಾದ ವಿಷಯ ಅದು.

ಮೇಲ್ಮನವಿಯೂ ಬಿದ್ದುಹೋದರೆ

ಆಗಲೂ ಎರಡು ದಾರಿ ಉಳಿಯುತ್ತವೆ. ಎರಡೂ ನಿಧಾನ.

ಐಟಿ ನಿಯಮಗಳು, 2021ರ ಪ್ರಕಾರ ಇಂಥ ವೇದಿಕೆಗಳು ಭಾರತದಲ್ಲಿ ದೂರು ಕೇಳುವ ಅಧಿಕಾರಿಯ ಹೆಸರು, ಸಂಪರ್ಕ ಪ್ರಕಟಿಸಬೇಕು. ಅಲ್ಲಿ ಲಿಖಿತ ದೂರು ಕೊಟ್ಟು, ಅವರ ಉತ್ತರ ಸರಿ ಕಾಣದಿದ್ದರೆ, 30 ದಿನದೊಳಗೆ ಕೇಂದ್ರ ಸರ್ಕಾರದ ಗ್ರೀವೆನ್ಸ್ ಅಪೆಲೇಟ್ ಕಮಿಟಿಗೆ ಹೋಗಬಹುದು. ಇದು 2023ರಲ್ಲಿ ಶುರುವಾದದ್ದು, ಎಲ್ಲವೂ gac.gov.in ನಲ್ಲಿಯೇ ನಡೆಯುತ್ತದೆ, ದಿಲ್ಲಿಗೆ ಹೋಗಬೇಕಿಲ್ಲ. ಮೊದಲ ದೂರಿನ ಪ್ರತಿ ಇರಲೇಬೇಕು.

ಇನ್ನೊಂದು ಕೋರ್ಟು. ರಿವ್ಯೂ ಮಾನನಷ್ಟ ಅಂತ ಗೂಗಲ್‌ಗೆ ಕಾನೂನಿನ ಫಾರ್ಮ್ ಹಾಕಬಹುದು. ಆದರೆ ಯಾವುದು ಮಾನನಷ್ಟ ಅಂತ ತಾನೇ ತೀರ್ಮಾನ ಮಾಡಲು ಯಾವ ವೇದಿಕೆಯೂ ಸುಲಭಕ್ಕೆ ಒಪ್ಪುವುದಿಲ್ಲ. 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ವೇದಿಕೆಯನ್ನು ಹೊಣೆ ಮಾಡಬೇಕಾದರೆ ಕೋರ್ಟಿನ ಆದೇಶವೋ ಸರ್ಕಾರದ ಸೂಚನೆಯೋ ಇರಬೇಕು. ಸಿವಿಲ್ ದಾವೆ ಹಾಕುವುದಾದರೆ ಪ್ರಕಟವಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. "ನೋಡೋಣ ನೋಡೋಣ" ಅಂತ ಕೂತರೆ ಆ ಅವಧಿ ಕಳೆದುಹೋಗುತ್ತದೆ. ಕೋರ್ಟಿನಲ್ಲಿ ಸ್ಕ್ರೀನ್‌ಶಾಟಿನ ಪ್ರಿಂಟ್ ಒಂದನ್ನೇ ಕೊಟ್ಟರೆ ನಡೆಯುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕು. ಅದಕ್ಕೇ ಯಾವ ಕಂಪ್ಯೂಟರಿನಲ್ಲಿ ಚಿತ್ರ ತೆಗೆದಿರೋ, ಯಾವ ಪೆನ್‌ಡ್ರೈವಿಗೆ ದೃಶ್ಯ ಇಳಿಸಿದಿರೋ ಅದನ್ನು ಫಾರ್ಮ್ಯಾಟ್ ಮಾಡದೆ ಹಾಗೇ ಇಡಿ. ಖರ್ಚು, ಅಲೆದಾಟ ಲೆಕ್ಕ ಹಾಕಿದರೆ ಒಂದು ರಿವ್ಯೂಗಾಗಿ ಕೋರ್ಟಿಗೆ ಹೋಗಿ ಅಂತ ನಾನು ಸಣ್ಣ ಅಂಗಡಿಯವರಿಗೆ ಹೇಳುವುದಿಲ್ಲ. ಒಬ್ಬನೇ ಬಿಡದೆ ಬೆನ್ನು ಹತ್ತಿದ್ದಾನೆ, ವ್ಯಾಪಾರ ಕಣ್ಣಿಗೆ ಕಾಣುವಷ್ಟು ಬಿದ್ದಿದೆ ಅಂದಾಗ ಮಾತ್ರ ವಕೀಲರನ್ನು ಕಾಣಿ.

ಉಳಿದ ಮೂರು ಖಾನಾವಳಿಯವರಿಗೂ ಅಣ್ಣ ತಾನೇ ಹೋಗಿ ಹೇಳಿ ಬಂದ. ಅವರಲ್ಲಿ ಒಬ್ಬರು ತಮ್ಮ ಪುಟವನ್ನು ಗೂಗಲ್‌ನಲ್ಲಿ ದೃಢೀಕರಣವೇ ಮಾಡಿಸಿರಲಿಲ್ಲ. ಮೊದಲು ಆ ಕೆಲಸ ಆಯಿತು. ಆಮೇಲೆ ಅವರ ಬಿಲ್ ಬುಕ್ ನೋಡಿದರೆ ಅವರದ್ದು ಸೋಮವಾರ ತೆರೆದೇ ಇತ್ತು. ಹಾಗಾಗಿ ರಜೆಯ ವಾದ ಅವರಿಗೆ ಇಲ್ಲ. ಅವರ ದೂರಿನಲ್ಲಿ ಬರೆದದ್ದು ಒಂದೇ ಬರಹದ ನಾಲ್ಕು ಲಿಂಕಿನ ವಿಷಯ ಮಾತ್ರ.

ವೈನಿ ಈಗ ಭಾನುವಾರ ರಾತ್ರಿ ಶಟರ್ ಎಳೆಯುವ ಮೊದಲು ಕೊನೆಯ ಬಿಲ್ಲಿನ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡುತ್ತಾರೆ. ಮಂಗಳವಾರ ಬೆಳಿಗ್ಗೆ ಮೊದಲ ಬಿಲ್ಲಿನದು ಬರುತ್ತದೆ.